ಕಾಣೋದನ್ನೇ ಮತ್ತೆ ಹೇಳಬೇಡಿ: ಕಿರು ಸಾಕ್ಷ್ಯಚಿತ್ರಕ್ಕೆ ನಿರೂಪಣೆ ಬರೆಯುವ ಬಗೆ

ಹೋದ ಏಪ್ರಿಲ್ ಕೊನೆಯಲ್ಲಿ ಮೂಡಿಗೆರೆ ಕಡೆಯ ಮೂವರು ಹುಡುಗರು ಪೆನ್‌ಡ್ರೈವ್ ಹಿಡಿದು ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದರು. ಆರು ನಿಮಿಷದ ಸಾಕ್ಷ್ಯಚಿತ್ರ ಮಾಡಿದ್ದರು. ವಿಷಯ ಕಾಫಿ ಹೂವು. ಅವರಲ್ಲೊಬ್ಬನ ಅಜ್ಜನ ತೋಟದಲ್ಲೇ ಚಿತ್ರೀಕರಣ. ಕ್ಯಾಮೆರಾ ಕೆಲಸ ಚೆನ್ನಾಗಿತ್ತು, ಡ್ರೋನ್ ಶಾಟ್‌ಗಳೂ ಅಲುಗಾಡಿರಲಿಲ್ಲ. ಆದರೂ ಎರಡನೇ ನಿಮಿಷಕ್ಕೇ ನನಗೆ ಆಕಳಿಕೆ ಬಂತು. ಹುಡುಗರಿಗೂ ಅದು ಗೊತ್ತಾಗಿತ್ತು ಅನ್ನಿಸುತ್ತೆ. "ಅಣ್ಣ, ಎಲ್ಲಾ ಸರಿಯಾಗೇ ಇದೆ, ಆದ್ರೂ ಏನೋ ಎಳೀತಾ ಇದೆ. ಮ್ಯೂಸಿಕ್ ಬದಲಾಯಿಸಬೇಕಾ?" ಅಂತ ಕೇಳಿದರು.

ಮ್ಯೂಸಿಕ್‌ನಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಮಾತಿನಲ್ಲಿ. ಪರದೆಯ ಮೇಲೆ ಅಜ್ಜ ಅಳತೆ ಗಾಜಿಗೆ ನೀರು ಸುರಿಯುತ್ತಾರೆ. ಹಿಂದಿನಿಂದ ಗಂಭೀರ ದನಿಯೊಂದು, "ಇಲ್ಲಿ ಹಿರಿಯ ಬೆಳೆಗಾರರೊಬ್ಬರು ಅಳತೆ ಗಾಜಿಗೆ ನೀರನ್ನು ಸುರಿಯುತ್ತಿದ್ದಾರೆ" ಅನ್ನುತ್ತದೆ. ಹೌದು, ಕಾಣ್ತಾ ಇದೆ ಅಲ್ವಾ?

ಈಗ ಫೋನಿನಲ್ಲೇ ಚಿತ್ರ ತೆಗೆದು, ಫೋನಿನಲ್ಲೇ ಎಡಿಟ್ ಮಾಡಬಹುದು. ಕಾಲೇಜಿನ ಪ್ರಾಜೆಕ್ಟು, ಊರ ಜಾತ್ರೆ, ಹೋಮ್‌ಸ್ಟೇ, ಸಂಘದ ವಾರ್ಷಿಕೋತ್ಸವ ಎಲ್ಲದಕ್ಕೂ ಐದಾರು ನಿಮಿಷದ ಚಿತ್ರ ತಯಾರಾಗುತ್ತಿದೆ. ಅವುಗಳಲ್ಲಿ ಹೆಚ್ಚಿನವು ಎಡವುವುದು ಇಲ್ಲೇ. ಆ ಹುಡುಗರ ಚಿತ್ರವನ್ನೇ ಮುಂದಿಟ್ಟುಕೊಂಡು, ನಿರೂಪಣೆ ಹೇಗೆ ಕೆಲಸ ಮಾಡುತ್ತದೆ ಅಂತ ಬಿಡಿಸಿ ಹೇಳುತ್ತೇನೆ.

## ನಿರೂಪಣೆ ಅಂದರೆ ಯಾವ ದನಿ?

ಸಾಕ್ಷ್ಯಚಿತ್ರದಲ್ಲಿ ಮೂರು ಬಗೆಯ ಮಾತು ಕೇಳಿಸುತ್ತದೆ. ಕ್ಯಾಮೆರಾ ಮುಂದೆ ಕೂತವರು ನಮ್ಮ ಪ್ರಶ್ನೆಗೆ ಕೊಡುವ ಉತ್ತರ ಒಂದು. ಕೆಲಸ ಮಾಡುತ್ತಾ ಜನ ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತು ಇನ್ನೊಂದು. ಮೂರನೆಯದು, ಮುಖ ಕಾಣದೆ, ಚಿತ್ರದ ಹೊರಗಿನಿಂದ ಬರುವ ದನಿ. ಅದೇ ನಿರೂಪಣೆ. ಎಡಿಟಿಂಗ್ ರೂಮಿನಲ್ಲಿ ನಾವೆಲ್ಲ ವಾಯ್ಸ್ ಓವರ್ ಅನ್ನುತ್ತೇವೆ. ಮೊದಲೆರಡು ಸಿಕ್ಕಿದ್ದು. ಮೂರನೆಯದು ಮಾತ್ರ ನಾವು ಕೂತು ಬರೆದದ್ದು. ಹಾಗಾಗಿ ಅದರಲ್ಲಿ ತಪ್ಪಿದ್ದರೆ ದೂರುವುದಕ್ಕೆ ಬೇರೆ ಯಾರೂ ಇಲ್ಲ.

ಕಂಡದ್ದನ್ನೇ ಹೇಳುವ ಚಾಳಿ ನಮಗೆ ಎಲ್ಲಿಂದ ಬಂತು? ನನ್ನ ಊಹೆ, ಒಂದಿಷ್ಟು ರೇಡಿಯೋದಿಂದ. ಟ್ರಾನ್ಸಿಸ್ಟರ್ ಕಿವಿಗಿಟ್ಟುಕೊಂಡು ಕ್ರಿಕೆಟ್ ಕೇಳಿದವರಿಗೆ ನೆನಪಿರುತ್ತದೆ. ಬೌಲರ್ ಓಡಿ ಬಂದ, ಚೆಂಡು ಹಾಕಿದ, ಅದು ಆಫ್ ಸ್ಟಂಪ್ ಹೊರಗೆ ಹೋಯಿತು ಅಂತ ವೀಕ್ಷಕ ವಿವರಣೆಕಾರರು ಪ್ರತಿಯೊಂದನ್ನೂ ಹೇಳಲೇಬೇಕಿತ್ತು. ನಮಗೆ ಕಣ್ಣು ಅವರೇ. ಅದೇ ಮ್ಯಾಚು ಟಿವಿಯಲ್ಲಿ ಬಂದಾಗ ಅವರೇ "ಚೆಂಡು ಬೌಂಡರಿ ಕಡೆ ಹೋಗುತ್ತಿದೆ" ಅಂದರೆ ನಗು ಬರುತ್ತದೆ. ಟಿವಿಯಲ್ಲಿ ಒಳ್ಳೆಯವರು, "ಈ ಪಿಚ್‌ನಲ್ಲಿ ಬೆಳಿಗ್ಗೆಯಿಂದ ಒಂದು ಚೆಂಡೂ ಇಷ್ಟು ಎದ್ದಿರಲಿಲ್ಲ" ಅಂತಾರೆ. ಆಮೇಲೆ ಸುಮ್ಮನಾಗುತ್ತಾರೆ. ಚೆಂಡು ನಮಗೆ ಕಂಡಿದೆ. ಬೆಳಿಗ್ಗೆಯಿಂದ ಏನಾಗಿತ್ತು ಅನ್ನೋದು ಕಂಡಿರಲಿಲ್ಲ.

ಇನ್ನೊಂದು ಮೂಲ ಫಿಲಂಸ್ ಡಿವಿಷನ್. 1948ರಲ್ಲಿ ಶುರುವಾದ ಈ ಸರ್ಕಾರಿ ಸಂಸ್ಥೆಯ ಸುದ್ದಿಚಿತ್ರಗಳನ್ನು ದಶಕಗಳ ಕಾಲ ಟಾಕೀಸುಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಹಾಕುತ್ತಿದ್ದರು. ಅಣೆಕಟ್ಟು, ಮಂತ್ರಿಗಳು, ಪ್ರವಾಹ, ಎಲ್ಲದರ ಮೇಲೂ ಒಂದೇ ಭಾರವಾದ ಗಂಡುದನಿ. ಆ ಸಂಸ್ಥೆ ಬಹಳ ಒಳ್ಳೆಯ ಚಿತ್ರಗಳನ್ನೂ ಮಾಡಿದೆ, ಅದು ಬೇರೆ ಮಾತು. ಆದರೆ ಸಾಕ್ಷ್ಯಚಿತ್ರ ಅಂದ ಕೂಡಲೇ ನಮ್ಮ ಗಂಟಲು ತಾನಾಗಿ ಆ ದನಿಗೆ ಇಳಿಯುತ್ತದೆ. ಇಪ್ಪತ್ತು ವರ್ಷದ ಹುಡುಗನೂ ಮೈಕ್ ಮುಂದೆ ಕೂತ ಕೂಡಲೇ ಐವತ್ತರವನಾಗುತ್ತಾನೆ.

## ಚಿತ್ರಕ್ಕೆ ಬಾಯಿ ಇಲ್ಲದ ಕಡೆ

ಮನೆಗೆ ಬಂದ ನೆಂಟರಿಗೆ ಮದುವೆ ಆಲ್ಬಂ ತೋರಿಸುವುದನ್ನು ನೆನೆಸಿಕೊಳ್ಳಿ. "ಇದು ಊಟದ ಪಂಕ್ತಿ, ಇವರು ಊಟ ಮಾಡ್ತಾ ಇದ್ದಾರೆ" ಅಂತ ಯಾರೂ ಹೇಳುವುದಿಲ್ಲ. "ಈ ಪಂಕ್ತಿ ಏಳೋ ಹೊತ್ತಿಗೆ ಪಾಯಸ ಖಾಲಿ, ನಮ್ಮತ್ತೆ ಹಿಂದೆ ನಿಂತು ಅಳ್ತಾ ಇದ್ರು" ಅಂತ ಹೇಳುತ್ತೇವೆ. ಕೂಡಲೇ ನೆಂಟರು ಆ ಫೋಟೋವನ್ನು ಮತ್ತೊಮ್ಮೆ ನೋಡುತ್ತಾರೆ. ಫೋಟೋ ಅದೇ. ನೋಡುವ ಕಣ್ಣು ಬದಲಾಯಿತು. ನಿರೂಪಣೆಯ ಕೆಲಸ ಇಷ್ಟೇ. ಮನೆಯಲ್ಲಿ ಎಲ್ಲರೂ ಸಲೀಸಾಗಿ ಮಾಡುವ ಈ ಕೆಲಸ ಮೈಕ್ ಮುಂದೆ ಯಾಕೆ ಮರೆತುಹೋಗುತ್ತದೋ!

ಚಿತ್ರ ಯಾವುದನ್ನು ತಾನಾಗಿ ಹೇಳಲಾರದು? ಒಂದು, ಕಾಲ. ಹಿಂದೆ ಏನಾಗಿತ್ತು, ಮುಂದೆ ಏನಾಗಬೇಕು ಅನ್ನುವುದು ಶಾಟ್‌ನಲ್ಲಿ ಇರುವುದಿಲ್ಲ. ಕ್ಯಾಮೆರಾಕ್ಕೆ ಗೊತ್ತಿರುವುದು ಈಗ ಮಾತ್ರ. ಎರಡು, ಕಾರಣ. ಸ್ಪ್ರಿಂಕ್ಲರ್ ತಿರುಗುವುದು ಕಾಣುತ್ತದೆ, ಯಾಕೆ ತಿರುಗುತ್ತಿದೆ ಅನ್ನುವುದು ಕಾಣುವುದಿಲ್ಲ. ಮೂರು, ಪ್ರಮಾಣ. ಗಾಜಿನಲ್ಲಿ ಇಷ್ಟು ನೀರಿದೆ, ಸರಿ. ಅದು ಜಾಸ್ತಿಯೋ ಕಮ್ಮಿಯೋ? ಇನ್ನೊಂದಿದೆ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು: ಇಲ್ಲದಿರುವುದು. ಇರುವುದನ್ನು ಕ್ಯಾಮೆರಾ ತೋರಿಸುತ್ತದೆ. ಇರಬೇಕಿತ್ತು, ಆದರೆ ಇಲ್ಲ ಅನ್ನುವುದನ್ನು ಯಾವ ಲೆನ್ಸೂ ಹಿಡಿಯಲಾರದು. ಅದನ್ನು ಮಾತೇ ಹೇಳಬೇಕು.

ಇಷ್ಟು ಗೊತ್ತಾದ ಮೇಲೆ ಬರೆಯುವುದಕ್ಕೆ ಬೇಕಾಗಿರುವುದು ವಿಷಯ. ಹುಡುಗರ ತೊಂದರೆ ಮೂಲದಲ್ಲಿ ಭಾಷೆಯದಲ್ಲ. ಅಜ್ಜ ಆ ನೀರನ್ನು ಯಾಕೆ ಅಳೆಯುತ್ತಾರೆ ಅಂತ ಅವರು ಕೇಳಿಯೇ ಇರಲಿಲ್ಲ. ದಿನಾ ನೋಡಿ ಬೆಳೆದ ಮೊಮ್ಮಗನೂ ಕೇಳಿರಲಿಲ್ಲ. ಹೇಳುವುದಕ್ಕೆ ಏನೂ ಇಲ್ಲದಾಗ ಮನುಷ್ಯ ಕಾಣುವುದನ್ನೇ ಹೇಳುತ್ತಾನೆ.

ಹಾಗಾಗಿ ಮೊದಲು ಅಜ್ಜನಿಗೆ ಫೋನ್ ಮಾಡಿಸಿದೆ. ಅರ್ಧ ಗಂಟೆಯಲ್ಲಿ ಸಿಕ್ಕಿದ್ದು ಇಷ್ಟು.

ಕಾಫಿ ಗಿಡದಲ್ಲಿ ಬೇಸಿಗೆಗೆ ಮುಂಚೆಯೇ ಮೊಗ್ಗು ಕಟ್ಟಿ, ಹಾಗೇ ನಿದ್ದೆ ಹೋದಂತೆ ನಿಂತುಬಿಡುತ್ತದೆ. ಅದನ್ನು ಎಬ್ಬಿಸುವುದು ಫೆಬ್ರವರಿ, ಮಾರ್ಚ್, ಏಪ್ರಿಲ್‌ನಲ್ಲಿ ಬರುವ ಮಳೆ. ತೋಟದವರು ಅದನ್ನು ಹೂಮಳೆ ಅನ್ನುತ್ತಾರೆ. ಸುಮಾರು ಒಂದು ಇಂಚು ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ಬಿಳುಪು ಇರುವುದು ಎರಡು ಮೂರು ದಿನ. ಮಳೆ ತೀರಾ ಕಮ್ಮಿಯಾದರೆ ಮೊಗ್ಗು ಸರಿಯಾಗಿ ಅರಳದೆ ಕೆಡುತ್ತದೆ. ಹೂವಾದ ಎರಡು ಮೂರು ವಾರದಲ್ಲಿ ಕಾಯಿ ಕಚ್ಚುವುದಕ್ಕೆ ಇನ್ನೊಂದು ಮಳೆ ಬೇಕು. ಅದು ಬ್ಯಾಕಿಂಗ್ ಮಳೆ. ಅಜ್ಜನ ತೋಟದಲ್ಲಿರುವ ರೋಬಸ್ಟಾ ಜಾತಿಯ ಕಾಫಿಯಲ್ಲಿ ಹೂವಿನಿಂದ ಹಣ್ಣಿಗೆ ಹತ್ತು ಹನ್ನೊಂದು ತಿಂಗಳು. ಅಂದರೆ ಮಾರ್ಚ್‌ನ ಒಂದು ಸಂಜೆ ಬಿದ್ದ ಮಳೆಯ ಲೆಕ್ಕ ಚುಕ್ತಾ ಆಗುವುದು ಮುಂದಿನ ವರ್ಷ.

ಇಲ್ಲಿನ ತೋಟಗಳಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟಿನಲ್ಲೇ ಹೇಳುತ್ತಾರೆ. ಒಂದು ಇಂಚಿಗೆ ನೂರು ಸೆಂಟು. "ನಮ್ಮಲ್ಲಿ ಒಂದು ಇಪ್ಪತ್ತು ಬಂತು, ನಿಮ್ಮಲ್ಲಿ?" ಅಂತ ಅಕ್ಕಪಕ್ಕದ ತೋಟದವರು ಫೋನಿನಲ್ಲಿ ಕೇಳಿಕೊಳ್ಳುವುದು ಇದನ್ನೇ. ಅಜ್ಜ ನಲವತ್ತು ವರ್ಷದಿಂದ ಮಳೆ ಬರೆದಿಟ್ಟಿದ್ದಾರೆ. ಈ ಸಲ ಮಾರ್ಚ್ 14ರಂದು ಅವರು ಅಳೆದು ಬರೆದದ್ದು 38 ಸೆಂಟು.

## ಮೂವತ್ತೆಂಟು ಸೆಂಟು

ಈಗ ಅದೇ ಶಾಟ್‌ಗೆ ಮರಳೋಣ. ಹದಿನಾಲ್ಕು ಸೆಕೆಂಡಿನ ಶಾಟ್. ಅಜ್ಜ ಮಳೆ ಮಾಪಕದ ಬಾಟಲಿ ಎತ್ತಿ ಗಾಜಿಗೆ ಸುರಿಯುತ್ತಾರೆ, ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ. ಹುಡುಗರ ಮೊದಲ ನಿರೂಪಣೆ ಹೀಗಿತ್ತು:

"ಇಲ್ಲಿ ಹಿರಿಯ ಬೆಳೆಗಾರರೊಬ್ಬರು ಅಳತೆ ಗಾಜಿಗೆ ನೀರನ್ನು ಸುರಿಯುತ್ತಿದ್ದಾರೆ. ನಂತರ ಅದನ್ನು ಸೂಕ್ಷ್ಮವಾಗಿ ಗಮನಿಸಿ ತಮ್ಮ ಪುಸ್ತಕದಲ್ಲಿ ದಾಖಲಿಸಿಕೊಳ್ಳುತ್ತಿದ್ದಾರೆ. ಅವರ ಮುಖದಲ್ಲಿ ಚಿಂತೆಯ ಗೆರೆಗಳನ್ನು ನಾವು ಕಾಣಬಹುದು."

ಮೊದಲ ಎರಡು ವಾಕ್ಯ ಚಿತ್ರದ ನಕಲು. ಮೂರನೆಯದು ಇನ್ನೂ ಕೆಟ್ಟದ್ದು. ಅಜ್ಜನ ಮುಖ ನೋಡಿ ನಮಗೇನು ಅನ್ನಿಸಬೇಕು ಅಂತ ಅದು ಅಪ್ಪಣೆ ಮಾಡುತ್ತದೆ. ಚಿಂತೆ ಕಾಣುತ್ತಿದ್ದರೆ ಹೇಳಬೇಕಾಗಿಲ್ಲ. ಕಾಣದಿದ್ದರೆ ಹೇಳಿದರೂ ಯಾರೂ ನಂಬುವುದಿಲ್ಲ.

ಬದಲಾಯಿಸಿದ್ದು:

"ಮೂವತ್ತೆಂಟು ಸೆಂಟು. ಹೂವಾಗಲು ಬೇಕಿದ್ದದ್ದು ನೂರರ ಹತ್ತಿರ."

ಆರು ಪದ. ಶಾಟ್‌ನ ಮೊದಲ ಐದು ಸೆಕೆಂಡು ಮೌನ. ಗಾಜಿಗೆ ನೀರು ಬೀಳುವ ಸದ್ದು ಕೇಳಲಿ. ಗಾಜು ಕಣ್ಣಿನ ಮಟ್ಟಕ್ಕೆ ಬಂದಾಗ ಮೊದಲ ವಾಕ್ಯ. ಪೆನ್ನು ಪುಸ್ತಕ ಮುಟ್ಟಿದ ಮೇಲೆ ಎರಡನೆಯದು. ಆಮೇಲೆ ಮತ್ತೆ ಮೌನ. ಆಗ ನೋಡುವವರು ಅಜ್ಜನ ಮುಖವನ್ನು ತಾವೇ ಹುಡುಕುತ್ತಾರೆ. ಚಿಂತೆ ಇದೆಯಾ ಇಲ್ವಾ ಅಂತ ಅವರೇ ತೀರ್ಮಾನಿಸುತ್ತಾರೆ. ತಾನೇ ಕಂಡುಕೊಂಡದ್ದನ್ನು ಮನುಷ್ಯ ಮರೆಯುವುದಿಲ್ಲ.

ಸುಮ್ನೆ "ಮೂವತ್ತೆಂಟು ಸೆಂಟು" ಅಂದಿದ್ದರೆ ಸಾಲುತ್ತಿರಲಿಲ್ಲ. ತೋಟದವರಿಗೆ ಅರ್ಥವಾಗುತ್ತದೆ, ಅರಸೀಕೆರೆಯಲ್ಲಿ ಕೂತು ನೋಡುವವರಿಗೆ ಆಗುವುದಿಲ್ಲ. ಅಂಕಿ ಒಂಟಿಯಾಗಿ ಬಂದರೆ ಬರೀ ಸದ್ದು. ಪಕ್ಕದಲ್ಲಿ "ಬೇಕಿದ್ದದ್ದು ಇಷ್ಟು" ಅಂತ ಇನ್ನೊಂದು ಇದ್ದರೆ ಅದಕ್ಕೆ ತೂಕ ಬರುತ್ತದೆ. ಇಡೀ ಚಿತ್ರದಲ್ಲಿ ಇಂಥ ಜೋಡಿ ಒಂದೋ ಎರಡೋ ಇದ್ದರೆ ಸಾಕು. ಹುಡುಗರು ಜಿಲ್ಲೆಯ ಒಟ್ಟು ಕಾಫಿ ವಿಸ್ತೀರ್ಣ, ರಫ್ತು ಎಲ್ಲ ಸೇರಿಸಬೇಕು ಅಂದರು. ಪುಸ್ತಕದಲ್ಲಿ ಓದುವಾಗ ಹಿಂದಿನ ಪುಟಕ್ಕೆ ಹೋಗಬಹುದು, ಕೇಳುವಾಗ ಹೋಗೋಕಾಗಲ್ಲ ಅಂದೆ. ಒಪ್ಪಿಕೊಂಡರು, ಅರೆಮನಸ್ಸಿನಿಂದ.

ಈ ಆರು ಪದ ಇನ್ನೊಂದು ಉಪಕಾರವನ್ನೂ ಮಾಡಿತು. ಮುಂದಿನ ಶಾಟ್ ಸ್ಪ್ರಿಂಕ್ಲರ್‌ನದು. ಮೊದಲು ಅದರ ಮೇಲೆ "ಬೆಳೆಗಾರರು ಸ್ಪ್ರಿಂಕ್ಲರ್ ಮೂಲಕ ನೀರು ಹಾಯಿಸುತ್ತಿದ್ದಾರೆ" ಅಂತ ಇತ್ತು. ಈಗ ಅಲ್ಲಿ ಮಾತೇ ಬೇಡವಾಯಿತು. ಮಳೆ ಸಾಲಲಿಲ್ಲ ಅಂತ ಕೇಳಿದ ಕಿವಿಗೆ, ಸ್ಪ್ರಿಂಕ್ಲರ್‌ನ ಚಕ್ ಚಕ್ ಚಕ್ ಸದ್ದೇ ಉಳಿದದ್ದನ್ನು ಹೇಳುತ್ತದೆ. ಒಂದು ಕಡೆ ಸರಿಯಾದ ಮಾತು ಬಿದ್ದರೆ ಮುಂದಿನ ಎರಡು ಶಾಟ್ ತಾವೇ ಮಾತಾಡುತ್ತವೆ.

## ಹಸಿರಾಗಿ ಕಾಣುವ ನಷ್ಟ

ಆ ಚಿತ್ರದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ಶಾಟ್‌ನ್ನು ಹುಡುಗರು ಹೆಚ್ಚುಕಮ್ಮಿ ಎಸೆದೇಬಿಟ್ಟಿದ್ದರು. ಡ್ರೋನ್ ಮೇಲಕ್ಕೆ ಹೋಗುತ್ತದೆ. ಕೆಳಗೆ ಕೆರೆಯ ಸುತ್ತ ಬಿಳಿ ಹೂವು. ಮೇಲೆ ಗುಡ್ಡದ ಇಳಿಜಾರು ಕಡು ಹಸಿರು, ನೆರಳಿನ ಮರಗಳ ನಡುವೆ ಒಂದಿಷ್ಟು ಮಂಜು. ನೋಡಲು ಕ್ಯಾಲೆಂಡರ್ ಚಿತ್ರದಂತೆ ಇದೆ. ಅದರ ಮೇಲೆ ಅವರು ಬರೆದದ್ದು: "ಪ್ರಕೃತಿ ಮಾತೆಯ ಮಡಿಲಲ್ಲಿ ಹಚ್ಚ ಹಸಿರಿನ ಸಿರಿ, ಕಣ್ಮನ ಸೆಳೆಯುವ ರಮಣೀಯ ನೋಟ."

ಅಜ್ಜನ ಜೊತೆ ಮಾತಾಡಿದಾಗ ಬೇರೆಯೇ ವಿಷಯ ಗೊತ್ತಾಯಿತು. ಆ ಇಳಿಜಾರೂ ರೋಬಸ್ಟಾನೇ. ಕೆರೆಯಲ್ಲಿ ಇದ್ದ ನೀರು ಕೆಳಗಿನ ಭಾಗಕ್ಕೆ ಒಂದು ಸುತ್ತಿಗೆ ಮಾತ್ರ ಸಾಕಾಯಿತು. ಮೇಲಿನ ಪಟ್ಟೆಗೆ ಸಿಕ್ಕಿದ್ದು ಆ 38 ಸೆಂಟು ಮಾತ್ರ. ಅಲ್ಲಿ ಮೊಗ್ಗು ಅರಳಲೇ ಇಲ್ಲ. ಆ ಹಸಿರು ಬೆಳೆಯಲ್ಲ, ಬರಿ ಎಲೆ.

ಹೊಸ ನಿರೂಪಣೆ:

"ಮೇಲಿನ ಗುಡ್ಡಕ್ಕೆ ನೀರು ಮುಟ್ಟಲಿಲ್ಲ. ಈ ಹಸಿರೆಲ್ಲ ಇವತ್ತು ಬಿಳಿ ಇರಬೇಕಿತ್ತು."

ಇಲ್ಲದಿರುವುದನ್ನು ಮಾತು ತೋರಿಸುವುದು ಅಂದೆನಲ್ಲ, ಅದು ಇದು. ಪೇಟೆಯವರ ಕಣ್ಣಿಗೆ ಹಸಿರು ಅಂದರೆ ಸಮೃದ್ಧಿ. ಈ ಒಂದು ವಾಕ್ಯ ಆದ ಮೇಲೆ ಅದೇ ಹಸಿರು ನಷ್ಟವಾಗಿ ಕಾಣತೊಡಗುತ್ತದೆ. ಶಾಟ್ ಬದಲಾಗಿಲ್ಲ, ಬಣ್ಣ ತಿದ್ದಿಲ್ಲ. ಚಿತ್ರ ಒಂದು ಹೇಳುತ್ತಿರುವಾಗ ಮಾತು ಇನ್ನೊಂದು ಹೇಳಿ, ಎರಡೂ ಸೇರಿ ಮೂರನೆಯದೊಂದು ನೋಡುವವರ ತಲೆಯಲ್ಲಿ ಹುಟ್ಟುತ್ತದೆ.

ಇಲ್ಲಿ "ಅಯ್ಯೋ ಪಾಪ" ಅನ್ನುವ ಪದ ಒಂದೂ ಇಲ್ಲ ಅನ್ನುವುದನ್ನು ಗಮನಿಸಿ. ಮೊದಲನೇ ತಿದ್ದುಪಡಿಯಲ್ಲಿ ಒಬ್ಬ ಹುಡುಗ "ದುರದೃಷ್ಟವಶಾತ್" ಅಂತ ಸೇರಿಸಿದ್ದ. ತೆಗೆಸಿದೆ. ಅದೃಷ್ಟ ಕೆಟ್ಟಿದೆ ಅಂತ ಗೊತ್ತಾಗುವುದಕ್ಕೆ "ಇರಬೇಕಿತ್ತು" ಅನ್ನುವ ಒಂದೇ ಪದ ಸಾಕು.

## "ತ್ತಿದ್ದಾರೆ" ಹುಡುಕಿ

ಬರೆದದ್ದು ಬರಿ ವರ್ಣನೆಯೋ ಅಲ್ಲವೋ ಅಂತ ಹಿಡಿಯುವುದಕ್ಕೆ ಕನ್ನಡದಲ್ಲಿ ಒಂದು ಸುಲಭ ದಾರಿ ಇದೆ. ಪೆನ್ಸಿಲ್ ತಗೊಂಡು "ತ್ತಿದ್ದಾರೆ", "ತ್ತಿದ್ದಾಳೆ", "ತ್ತಿದೆ" ಅಂತ ಮುಗಿಯುವ ಪದಗಳಿಗೆಲ್ಲ ಸುತ್ತು ಹಾಕಿ. ಜೊತೆಗೆ "ಇಲ್ಲಿ ನಾವು", "ಕಾಣಬಹುದು", "ನೋಡಬಹುದು" ಇವಕ್ಕೂ. ಕ್ಯಾಮೆರಾದ ಕಾಲ "ಈಗ" ತಾನೆ? "ಈಗ ನಡೆಯುತ್ತಿದೆ" ಅಂತ ಹೇಳುವ ವಾಕ್ಯ ನೂರಕ್ಕೆ ತೊಂಬತ್ತು ಸಲ ಕ್ಯಾಮೆರಾದ ಕೆಲಸವನ್ನೇ ಎರಡನೇ ಸಲ ಮಾಡುತ್ತಿರುತ್ತದೆ. ಹುಡುಗರ ಮೂರು ಪುಟದಲ್ಲಿ ಸುತ್ತು ಬಿದ್ದದ್ದು ಮೂವತ್ತೊಂದು ಕಡೆ. ಪುಟ ನೋಡಿದರೆ ಮಳೆಗಾಲದ ಕೊಚ್ಚೆಯಲ್ಲಿ ಗುಳ್ಳೆ ಎದ್ದ ಹಾಗಿತ್ತು.

ಹೊಸ ಬರಹದಲ್ಲಿ ಕ್ರಿಯಾಪದಗಳು ಬೇರೆ ಕಾಲಕ್ಕೆ ಹೋಗಿದ್ದವು: ಮುಟ್ಟಲಿಲ್ಲ, ಇರಬೇಕಿತ್ತು, ಬೇಕಿದ್ದದ್ದು. ಹಿಂದೆ ಆದದ್ದು, ಆಗದೇ ಹೋದದ್ದು, ಮುಂದೆ ಆಗಬೇಕಾದದ್ದು. ಸುತ್ತು ಬಿದ್ದ ವಾಕ್ಯವನ್ನೆಲ್ಲ ಕಣ್ಣು ಮುಚ್ಚಿ ತೆಗೆಯಬೇಕು ಅಂತಲ್ಲ. ಪ್ರತಿಯೊಂದನ್ನೂ ಒಮ್ಮೆ ಮುಚ್ಚಿಟ್ಟು ಚಿತ್ರ ನೋಡಿ. ಏನೂ ಕಳೆದುಹೋಗಲಿಲ್ಲ ಅನ್ನಿಸಿದರೆ ಆ ವಾಕ್ಯ ಅಲ್ಲಿ ಇರಲೇ ಇಲ್ಲ ಅಂತ ಅರ್ಥ.

## ಮಾತು ಎಲ್ಲಿ ಮುಗಿಯಬೇಕು

ಕನ್ನಡದ ಇನ್ನೊಂದು ಗುಣ ಎಡಿಟಿಂಗ್ ಟೇಬಲ್ ಮೇಲೆ ಕಾಡುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಮೇಲಿನ ಗುಡ್ಡಕ್ಕೆ ನೀರು" ಅಂತ ಕೇಳಿದಾಗ, ಮುಟ್ಟಿತೋ ಇಲ್ಲವೋ ಇನ್ನೂ ಗೊತ್ತಿಲ್ಲ. ಅರ್ಥ ಬೀಳುವುದು ಕೊನೆಯ ಪದದಲ್ಲಿ. ಅಷ್ಟರಲ್ಲಿ ಶಾಟ್ ಬದಲಾಗಿ ಜೇನು ಹುಳದ ಕ್ಲೋಸಪ್ ಬಂದರೆ, "ಮುಟ್ಟಲಿಲ್ಲ" ಹೋಗಿ ಜೇನಿನ ಮೇಲೆ ಬೀಳುತ್ತದೆ. ಹುಡುಗರು ಮೊದಲ ಸಲ ಜೋಡಿಸಿದಾಗ ಆದದ್ದು ಇದೇ. ಜೇನಿಗೆ ಏನು ಮುಟ್ಟಲಿಲ್ಲ ಅಂತ ನಾನೇ ಒಂದು ಕ್ಷಣ ತಬ್ಬಿಬ್ಬಾದೆ.

ಹಾಗಾಗಿ ನಾನು ಪಾಲಿಸುವ ಲೆಕ್ಕ ಹೀಗೆ. ಯಾವ ಚಿತ್ರದ ಮೇಲೆ ಅರ್ಥ ಬೀಳಬೇಕೋ, ವಾಕ್ಯ ಆ ಚಿತ್ರ ಇರುವಾಗಲೇ ಮುಗಿಯಬೇಕು. ಮುಗಿದ ಮೇಲೂ ಎರಡು ಸೆಕೆಂಡು ಆ ಚಿತ್ರ ನಿಲ್ಲಬೇಕು. ಉದ್ದ ವಾಕ್ಯವನ್ನು ಎರಡು ಮಾಡಿದರೆ ಇದು ಸಲೀಸು. ಕೆಲವು ಸಲ ಮಾತು ಚಿತ್ರಕ್ಕಿಂತ ಸ್ವಲ್ಪ ಮುಂಚೆ ಬಂದರೂ ಚೆನ್ನ. ಖಾಲಿ ಕೆರೆಯ ಅಂಗಳ ಕಾಣುವ ಮೊದಲೇ "ಕೆರೆಯಲ್ಲಿ ಒಂದೇ ಸುತ್ತಿನ ನೀರಿತ್ತು" ಅಂತ ಕೇಳಿದ್ದರೆ, ಬಿರುಕು ಬಿಟ್ಟ ನೆಲ ಬಂದಾಗ ಉತ್ತರ ಸಿಕ್ಕಂತಾಗುತ್ತದೆ.

ಈ ಕೆಲಸ ಕಾಗದದ ಮೇಲೆ ಹೀಗೆ ನಡೆಯುತ್ತದೆ. ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು, ಪ್ರತಿ ಶಾಟ್‌ನ ಪಕ್ಕ ಅದು ಎಷ್ಟು ಸೆಕೆಂಡು ಅಂತ. ಎಡದಲ್ಲಿ ಬರೆದದ್ದೇ ಬಲದಲ್ಲೂ ಬಂದರೆ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಇದನ್ನು ಚಿತ್ರೀಕರಣಕ್ಕೆ ಮುಂಚೆ ಬರೆಯಬೇಡಿ. ಆಗ ಇರುವುದು ಪ್ರಬಂಧ ಮಾತ್ರ, ಆಮೇಲೆ ಅದಕ್ಕೆ ಚಿತ್ರ ಅಂಟಿಸುತ್ತಾ ಕೂರುತ್ತೀರಿ. ಶಾಟ್‌ಗಳನ್ನು ಒಂದು ಸಲ ಒರಟಾಗಿ ಜೋಡಿಸಿ, ಮಾತಿಲ್ಲದೆ, ವಿಷಯ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ಅವರು "ಇದ್ಯಾಕೆ?" ಅಂತ ಕೇಳುವ ಕಡೆಯೇ ನಿರೂಪಣೆ ಬೇಕಾದ ಕಡೆ. ನಮ್ಮ ಮನೆಯವಳು ಈ ಚಿತ್ರ ನೋಡಿ ಕೇಳಿದ್ದು ನಾಲ್ಕೇ ಪ್ರಶ್ನೆ.

ಬರೆದ ಮೇಲೆ ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿ ಚಿತ್ರದ ಮೇಲೆ ಕೂರಿಸಿ. ಮನಸ್ಸಿನಲ್ಲಿ ಓದುವುದು ಯಾವಾಗಲೂ ಬೇಗ ಮುಗಿಯುತ್ತದೆ, ಅದನ್ನು ನಂಬಬೇಡಿ. ಉಸಿರು ಬಿಟ್ಟು ನಿಧಾನಕ್ಕೆ ಓದಿದರೆ ನನಗೆ ನಿಮಿಷಕ್ಕೆ ಎಂಬತ್ತು ತೊಂಬತ್ತು ಕನ್ನಡ ಪದ ಆಗುತ್ತದೆ. ನಮ್ಮ ಪದಗಳು ಉದ್ದ. "ಬರೆದುಕೊಳ್ಳುತ್ತಿದ್ದಾರೆ" ಒಂದೇ ಪದ, ಬಾಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಹುಡುಗರು ಮೊದಲು ಬರೆದದ್ದು ಐನೂರು ಪದದ ಮೇಲೆ, ಅಂದರೆ ಆರು ನಿಮಿಷವೂ ಬಿಡುವಿಲ್ಲದ ಮಾತು. ಕೊನೆಗೆ ಉಳಿದದ್ದು ನೂರ ಅರವತ್ತು. ಎರಡು ನಿಮಿಷಕ್ಕಿಂತ ಕಮ್ಮಿ. ಉಳಿದ ನಾಲ್ಕು ನಿಮಿಷ ಸ್ಪ್ರಿಂಕ್ಲರ್, ಜೇನು, ಅಜ್ಜನ ಕೆಮ್ಮು, ಗಾಳಿ.

## ಮಾತಿಗೆ ಸುಳ್ಳು ಹೇಳುವ ಶಕ್ತಿಯೂ ಇದೆ

ಫ್ರೆಂಚ್ ನಿರ್ದೇಶಕ ಕ್ರಿಸ್ ಮಾರ್ಕರ್ 1957ರ 'ಲೆಟರ್ ಫ್ರಮ್ ಸೈಬೀರಿಯಾ' ಚಿತ್ರದಲ್ಲಿ ಒಂದು ಪ್ರಯೋಗ ಮಾಡಿದ. ಯಾಕುಟ್ಸ್ಕ್ ಊರಿನ ಒಂದು ಬೀದಿ. ಬಸ್ಸು, ಕಾರು, ರಸ್ತೆ ಕೆಲಸದವರು. ಅದೇ ಶಾಟ್‌ಗಳನ್ನು ಮೂರು ಸಲ ತೋರಿಸಿದ, ಮೂರು ಬೇರೆ ನಿರೂಪಣೆಯ ಜೊತೆ. ಮೊದಲನೆಯದು ಸೋವಿಯತ್ ವ್ಯವಸ್ಥೆಯನ್ನು ಹೊಗಳುತ್ತದೆ, ಎರಡನೆಯದು ತೆಗಳುತ್ತದೆ, ಮೂರನೆಯದು ತಟಸ್ಥವಾಗಿ ಹೇಳುತ್ತದೆ. ಪ್ರತಿ ಸಲವೂ ಬೀದಿ ಬೇರೆಯಾಗಿ ಕಾಣುತ್ತದೆ. ಮೂರನೆಯದು ಕೂಡ ಪೂರ್ತಿ ಸತ್ಯ ಅಂತ ಅವನು ಹೇಳಲಿಲ್ಲ.

ಹಸಿರನ್ನು ನಷ್ಟ ಮಾಡಿದ ಆ ವಾಕ್ಯ ನಿಜವಾಗಿರದಿದ್ದರೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅಪಾಯ ಇರುವುದು ಅಲ್ಲಿ. ನಾನೇ ಒಮ್ಮೆ ಸಿಕ್ಕಿಬಿದ್ದಿದ್ದೇನೆ. ಹಲವು ವರ್ಷದ ಹಿಂದೆ, ಇನ್ನೊಂದು ತೋಟದ ಚಿತ್ರ. "ಮಳೆ ಕೈಕೊಟ್ಟ ಮೇಲೆ ಮೋಟರ್ ಓಡಿತು" ಅಂತ ಬರೆದು ಸ್ಪ್ರಿಂಕ್ಲರ್ ಶಾಟ್ ಮೇಲೆ ಕೂರಿಸಿದ್ದೆ. ಮೊದಲ ಪ್ರದರ್ಶನಕ್ಕೆ ಬಂದಿದ್ದ ತೋಟದ ಮೇಸ್ತ್ರಿ ಎದ್ದು ನಿಂತು, "ಸಾರ್, ಆ ಜೆಟ್ ಬಿಟ್ಟಿದ್ದು ಮಳೆಗೆ ಮುಂಚೆ. ಮಳೆ ಆದ್ಮೇಲೆ ಮೋಟರ್ ಸುಟ್ಟು ಕೂತಿತ್ತು" ಅಂದರು. ಎಲ್ಲರೂ ನಕ್ಕರು. ನಾನು ಶಾಟ್ ತೆಗೆದ ದಿನಾಂಕ ನೋಡಿಕೊಂಡಿರಲಿಲ್ಲ. ಎಡಿಟ್‌ನಲ್ಲಿ ಮೊದಲು ಬಂದದ್ದು ನಿಜದಲ್ಲೂ ಮೊದಲು ಆಗಿತ್ತು ಅಂದುಕೊಂಡುಬಿಟ್ಟಿದ್ದೆ.

ಅಂದಿನಿಂದ ಕಾರಣ ಹೇಳುವ ಪ್ರತಿ ವಾಕ್ಯದ ಪಕ್ಕ, ಶಾಟ್ ಯಾವತ್ತು ಎಲ್ಲಿ ತೆಗೆದದ್ದು, ಮಾತು ಯಾರು ಹೇಳಿದ್ದು ಅಂತ ಬರೆದಿಡುತ್ತೇನೆ. ಈ ಹುಡುಗರ ವಿಷಯದಲ್ಲೂ ಅಷ್ಟೇ. ಫೈಲ್‌ಗಳ ದಿನಾಂಕ ತೆಗೆದು ನೋಡಿದೆವು: ಸ್ಪ್ರಿಂಕ್ಲರ್ ಮಾರ್ಚ್ 17, ಹೂವು 26. ಮಳೆ 14. ಸಾಲು ಸರಿಯಾಗಿತ್ತು. ಇಳಿಜಾರು ಅಜ್ಜನದ್ದೇ, ಪಕ್ಕದವರದ್ದಲ್ಲ ಅಂತಲೂ ಕೇಳಿ ಖಚಿತ ಮಾಡಿಕೊಂಡೆವು.

## ಕಾಣೋದನ್ನೂ ಹೇಳಬೇಕಾದಾಗ

ಕಂಡದ್ದನ್ನು ಹೇಳಲೇಬಾರದು ಅಂತ ಹಟ ಹಿಡಿಯಬೇಕಿಲ್ಲ. ಕಣ್ಣಿಗೆ ಬಿದ್ದರೂ ಗುರುತು ಸಿಗದ ವಸ್ತುಗಳಿವೆ. ಮಳೆ ಮಾಪಕವನ್ನೇ ತಗೊಳ್ಳಿ. ತೋಟದಲ್ಲಿ ಬೆಳೆಯದವರಿಗೆ ಅದು ಕಂಬದ ಮೇಲಿಟ್ಟ ಯಾವುದೋ ಡಬ್ಬ. ಹಾಗಾಗಿ ಹುಡುಗರ ಚಿತ್ರದ ಶುರುವಿನಲ್ಲಿ, ಡಬ್ಬ ಮೊದಲ ಸಲ ಕಂಡಾಗ, "ಮಳೆ ಅಳೆಯುವ ಡಬ್ಬ. ನಲವತ್ತು ವರ್ಷದಿಂದ ಇದೇ ಜಾಗದಲ್ಲಿ" ಅಂತ ಇಟ್ಟೆವು. ಮೊದಲರ್ಧ ವರ್ಣನೆಯೇ. ಅದಿಲ್ಲದೆ ಮುಂದಿನದು ನಿಲ್ಲುವುದಿಲ್ಲ.

ಕಣ್ಣು ಕಾಣದವರಿಗಾಗಿ ಮಾಡುವ ಧ್ವನಿ ವಿವರಣೆ ಬೇರೆಯೇ ಕೆಲಸ. ಅಲ್ಲಿ ಕಾಣುವುದನ್ನು ಹೇಳುವುದೇ ಉದ್ದೇಶ, ಆ ದನಿಯನ್ನು ಪ್ರತ್ಯೇಕ ಟ್ರ್ಯಾಕ್ ಆಗಿ ಕೊಡುತ್ತಾರೆ. ನಿರೂಪಣೆಯ ನಡುನಡುವೆ ಮೌನ ಇದ್ದರೆ ಅದಕ್ಕೂ ಜಾಗ ಸಿಗುತ್ತದೆ.

ಕೊನೆಯ ಶಾಟ್ ಬಗ್ಗೆ ಜಗಳ ಆಯಿತು. ಏಪ್ರಿಲ್ 13ರ ಸಂಜೆ, ಅಜ್ಜ ಕಣದ ಅಂಚಿನಲ್ಲಿ ನಿಂತು ಚಾರ್ಮಾಡಿ ಕಡೆಯ ಮೋಡ ನೋಡುತ್ತಾರೆ. ಮೂವತ್ತು ಸೆಕೆಂಡು, ಏನೂ ಆಗುವುದಿಲ್ಲ. ಹುಡುಗರು ಬರೆದಿದ್ದು, "ಆಸೆ ತುಂಬಿದ ಕಂಗಳಿಂದ ಅನ್ನದಾತ ಆಗಸದತ್ತ ನೋಡುತ್ತಿದ್ದಾನೆ." ಮೊಮ್ಮಗನಿಗೆ ಆ ಸಾಲು ಬಹಳ ಇಷ್ಟ. ಬಿಡಲು ಒಪ್ಪಲಿಲ್ಲ. ಕೊನೆಗೆ ಅಜ್ಜನಿಗೇ ಫೋನ್ ಹಚ್ಚಿ ಓದಿ ಹೇಳಿದ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಆಸೆ ಗೀಸೆ ಏನಿಲ್ಲ ಕಣೋ. ಹೂವಾಗಿ ಎಷ್ಟು ದಿನ ಆಯ್ತು ಅಂತ ಎಣಿಸ್ತಾ ಇದ್ದೆ" ಅಂದರು.

ಈಗ ಆ ಶಾಟ್ ಮೇಲೆ ಇರುವುದು ಇದು: "ಹೂವಾದ ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು. ಇವತ್ತು ಹದಿನೆಂಟನೇ ದಿನ." ಆಮೇಲೆ ಇಪ್ಪತ್ತು ಸೆಕೆಂಡು ಅಜ್ಜ, ಮೋಡ, ದೂರದಲ್ಲೊಂದು ಗುಡುಗು. ಗುಡುಗು ಅವತ್ತು ನಿಜವಾಗಿ ರೆಕಾರ್ಡ್ ಆದದ್ದೇ.